ಹರಪ್ಪ ನಗರಗಳ ಮೇಲಿನ ಪ್ರಶ್ನೆ: ಚರಂಡಿ, ಇಟ್ಟಿಗೆ, ಮುದ್ರೆಗಳಿಂದ ಉತ್ತರ ಕಟ್ಟುವುದು ಹೇಗೆ

ಹರಪ್ಪ ನಾಗರಿಕತೆಯ ನಗರ ಯೋಜನೆಯ ಪ್ರಶ್ನೆ ದ್ವಿತೀಯ ಪಿಯುಸಿಯಿಂದ ಕೆಎಎಸ್, ಯುಪಿಎಸ್‌ಸಿ ತನಕ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಉತ್ತರ ಮಾತ್ರ ಎಲ್ಲ ಕಡೆಯೂ ಒಂದೇ: ಲಂಬಕೋನದಲ್ಲಿ ಕೂಡುವ ರಸ್ತೆಗಳು, ಮುಚ್ಚಿದ ಚರಂಡಿ, ಸುಟ್ಟ ಇಟ್ಟಿಗೆ, ಮಹಾ ಸ್ನಾನಗೃಹ, ಕಣಜ, ಮೆಸೊಪೊಟೇಮಿಯಾ ಜೊತೆ ವ್ಯಾಪಾರ. ‘ವಿವರಿಸಿ’ ಎಂದು ಕೇಳಿದ್ದರೆ ಈ ಪಟ್ಟಿಗೆ ಒಂದಷ್ಟು ಅಂಕ ಸಿಗುತ್ತದೆ. ‘ಪುರಾತತ್ವ ಆಧಾರಗಳಿಂದ ಏನನ್ನು ತಿಳಿಯಬಹುದು’, ‘ವಿಮರ್ಶಿಸಿ’, ‘ಎಷ್ಟರ ಮಟ್ಟಿಗೆ ಒಪ್ಪುತ್ತೀರಿ’ ಎಂದು ಕೇಳಿದಾಗ ಇದೇ ಪಟ್ಟಿ ಅರ್ಧಕ್ಕೇ ನಿಂತುಬಿಡುತ್ತದೆ. ಹರಪ್ಪ ಲಿಪಿಯನ್ನು ಇನ್ನೂ ಯಾರೂ ಎಲ್ಲರೂ ಒಪ್ಪುವಂತೆ ಓದಿಲ್ಲ. ಆದ್ದರಿಂದ ಅಲ್ಲಿನ ಆಡಳಿತ, ದುಡಿಮೆ, ವ್ಯಾಪಾರದ ಬಗ್ಗೆ ನಾವು ಆಡುವ ಮಾತೆಲ್ಲ ವಸ್ತುವನ್ನು ನೋಡಿ ಮನುಷ್ಯರ ಬಗ್ಗೆ ಮಾಡಿದ ಊಹೆ. ಪರೀಕ್ಷಕರು ನೋಡುವುದು ಆ ಊಹೆಗೆ ನೀವು ಹೇಗೆ ಬಂದಿರಿ, ಎಲ್ಲಿಗೆ ನಿಲ್ಲಿಸಿದಿರಿ ಎಂಬುದನ್ನು.

ಇಲ್ಲಿ ಚರಂಡಿಯನ್ನು ಪೂರ್ತಿ ಬಿಡಿಸಿ ನೋಡಿ, ಅದೇ ಕ್ರಮವನ್ನು ನಗರ ಯೋಜನೆಗೂ ವ್ಯಾಪಾರಕ್ಕೂ ಹಚ್ಚಲಾಗಿದೆ.

ಮೊದಲ ಹೆಜ್ಜೆ: ಪ್ರಶ್ನೆಯ ಕ್ರಿಯಾಪದ ನೋಡಿ

‘ವಿವರಿಸಿ’ ಎಂದರೆ ಏನು ಸಿಕ್ಕಿದೆ ಎಂದು ಹೇಳಿದರೆ ಸಾಕು, ಊಹೆಗೆ ಎರಡು ವಾಕ್ಯ ಕೊಟ್ಟರೆ ಆಯಿತು. ‘ಏನನ್ನು ಸೂಚಿಸುತ್ತದೆ’ ಎಂದರೆ ಉತ್ತರದ ಅರ್ಧಕ್ಕಿಂತ ಹೆಚ್ಚು ಭಾಗ ಊಹೆಗೇ ಮೀಸಲು. ‘ವಿಮರ್ಶಿಸಿ’ ಎಂದರೆ ಊಹೆಯ ಜೊತೆಗೆ ಅದರ ಮಿತಿ ಮತ್ತು ಅದಕ್ಕೆ ಎದುರಾಗುವ ಆಧಾರ ಎರಡೂ ಬೇಕು. ಇಂಥ ಪ್ರಶ್ನೆಗಳಲ್ಲಿ ಒಂದು ಹೇಳಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟಿರುತ್ತಾರೆ. ಆ ಹೇಳಿಕೆ ಪೂರ್ತಿ ನಿಜವಾಗಿರುವುದು ಅಪರೂಪ. ‘ಎಲ್ಲ ಹರಪ್ಪ ನಗರಗಳೂ ಒಂದೇ ನಕ್ಷೆಯಲ್ಲಿದ್ದವು’ ಎಂಬ ಹೇಳಿಕೆಯಲ್ಲಿ ತೊಡಕಿನ ಪದ ‘ಎಲ್ಲ’. ಅದನ್ನು ಗುರುತಿಸಿ ಅಡಿಗೆರೆ ಎಳೆದ ಮೇಲೇ ಬರೆಯಲು ಕೂರಿ.

ಎರಡನೇ ಹೆಜ್ಜೆ: ನಾಲ್ಕು ಕಾಲಂ ಹಾಕಿ

ಕರಡು ಪುಟದಲ್ಲಿ ನಾಲ್ಕು ಕಾಲಂ ಗೆರೆ ಎಳೆಯಿರಿ. ಮೊದಲನೆಯದರಲ್ಲಿ ಅಗೆದಾಗ ಸಿಕ್ಕ ವಸ್ತು. ಎರಡನೆಯದರಲ್ಲಿ ಅದು ಸಿಕ್ಕ ಊರು, ಜಾಗ, ಪದರ. ಮೂರನೆಯದರಲ್ಲಿ ಆ ವಸ್ತು ಹಾಗಿರಬೇಕಾದರೆ ಯಾರೋ ಏನನ್ನೋ ಮಾಡಿರಲೇಬೇಕಲ್ಲ, ಆ ಕೆಲಸ. ನಾಲ್ಕನೆಯದರಲ್ಲಿ ಅದೇ ವಸ್ತುವಿಗೆ ಇರಬಹುದಾದ ಬೇರೆ ವಿವರಣೆ.

ಹೆಚ್ಚಿನವರು ಎರಡನೇ ಕಾಲಂ ಬಿಟ್ಟುಬಿಡುತ್ತಾರೆ, ಉತ್ತರ ಸೋಲುವುದೂ ಅಲ್ಲೇ. ‘ಹರಪ್ಪನ್ನರು ಜಲಾಶಯ ಕಟ್ಟುತ್ತಿದ್ದರು’ ಎಂಬ ಮಾತು ಕಛ್‌ನ ಧೋಲಾವೀರಕ್ಕೆ ಸರಿ, ಮೊಹೆಂಜೊದಾರೊಗೆ ಸಲ್ಲದು. ಧೋಲಾವೀರ ಇರುವುದು ಮಳೆ ಕಡಿಮೆ ಬೀಳುವ ಕಡೆ, ಎರಡು ಹಂಗಾಮಿ ಹಳ್ಳಗಳ ನಡುವೆ. ಆ ಹಳ್ಳಗಳ ನೀರನ್ನು ತಿರುಗಿಸಿ ಕಲ್ಲಿನ ಜಲಾಶಯಗಳಲ್ಲಿ ಹಿಡಿದಿಡುತ್ತಿದ್ದರು. ಮೊಹೆಂಜೊದಾರೊದಲ್ಲಿ ನೀರು ಬರುತ್ತಿದ್ದದ್ದು ಬಾವಿಗಳಿಂದ. ಅಲ್ಲಿ ಸುಮಾರು 700 ಬಾವಿಗಳಿದ್ದಿರಬಹುದು ಎಂಬ ಅಂದಾಜಿದೆ. ಊರಿನ ಹೆಸರಿಲ್ಲದೆ ಬರೆದರೆ ಈ ಎರಡೂ ಕಲಸಿಹೋಗಿ, ಎಲ್ಲಿಯೂ ಇಲ್ಲದ ಮೂರನೇ ನಗರವೊಂದು ಹುಟ್ಟಿಕೊಳ್ಳುತ್ತದೆ.

ಮೂರನೇ ಹೆಜ್ಜೆ: ಚರಂಡಿಯನ್ನು ಮನೆಯೊಳಗಿಂದ ಹಿಂಬಾಲಿಸಿ

ಮೊಹೆಂಜೊದಾರೊದ ಕೆಳಪಟ್ಟಣದ ಒಂದು ಮನೆಯನ್ನು ತೆಗೆದುಕೊಳ್ಳಿ. ಬಚ್ಚಲಿನ ನೆಲಕ್ಕೆ ಸುಟ್ಟ ಇಟ್ಟಿಗೆಯನ್ನು ಸಂದಿಯಿಲ್ಲದಂತೆ ಬಿಗಿಯಾಗಿ ಹಾಸಿ, ಒಂದು ಮೂಲೆಯ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಅಲ್ಲಿಂದ ಗೋಡೆಯಲ್ಲಿ ಬಿಟ್ಟ ಕಿಂಡಿಯ ಮೂಲಕ ನೀರು ಹೊರಗೆ ಬರುತ್ತದೆ. ಹಲವು ಕಡೆ ಅದು ನೇರ ಬೀದಿ ಚರಂಡಿಗೆ ಬೀಳುವುದಿಲ್ಲ, ಮೊದಲು ಒಂದು ಸಣ್ಣ ಗುಂಡಿಗೆ ಇಳಿಯುತ್ತದೆ. ಕಸ, ಮಣ್ಣು ಗುಂಡಿಯ ತಳಕ್ಕೆ ಕೂತು ಮೇಲಿನ ನೀರಷ್ಟೇ ಬೀದಿಗೆ ಹರಿಯುತ್ತದೆ. ಬೀದಿಯ ಚರಂಡಿಯೂ ಇಟ್ಟಿಗೆಯದೇ. ಅದರ ಮೇಲೆ ಗಾರೆ ಹಾಕದೆ ಬಿಡಿಯಾಗಿ ಇಟ್ಟ ಇಟ್ಟಿಗೆ, ಅಗಲ ಹೆಚ್ಚಿದ ಕಡೆ ಸುಣ್ಣದಕಲ್ಲಿನ ಚಪ್ಪಡಿ. ಉದ್ದದ ಚರಂಡಿಗಳಲ್ಲಿ ನಡುನಡುವೆ ಹೂಳು ತೆಗೆಯುವ ಗುಂಡಿಗಳಿವೆ.

ಇಷ್ಟು ಮೊದಲ ಎರಡು ಕಾಲಂಗಳ ಸರಕು. ಈಗ ಒಂದೊಂದು ವಿವರಕ್ಕೂ ‘ಇದು ಹೀಗಿರಬೇಕಾದರೆ ಏನಾಗಿರಬೇಕು’ ಎಂದು ಕೇಳಿ.

ಮನೆಯ ನೀರು ಬೀದಿಯ ಚರಂಡಿ ಸೇರಬೇಕಾದರೆ ಮನೆಯ ಒಂದು ಗೋಡೆಯಾದರೂ ಬೀದಿಗೆ ತಾಗಿರಬೇಕು, ಮನೆಯ ನೆಲ ಚರಂಡಿಗಿಂತ ಎತ್ತರದಲ್ಲಿರಬೇಕು. ಮನೆಗಳು ಮನಸ್ಸಿಗೆ ಬಂದಂತೆ ಎದ್ದ ಮೇಲೆ ಚರಂಡಿ ಹಾಕಹೊರಟರೆ ಈ ಎರಡೂ ಹೊಂದುವುದು ಕಷ್ಟ. ಬೀದಿ ಮತ್ತು ಚರಂಡಿಯನ್ನು ಮೊದಲು ಗುರುತಿಸಿ, ಆಮೇಲೆ ಅವುಗಳ ಅಂಚಿಗೆ ಮನೆ ಕಟ್ಟಿದರು ಎಂಬ ಊಹೆ ಹುಟ್ಟುವುದು ಇದರಿಂದ. ನಿಮ್ಮ ಉತ್ತರದ ಅತ್ಯಂತ ಗಟ್ಟಿ ವಾಕ್ಯ ಇದೇ ಆಗಬೇಕು, ಏಕೆಂದರೆ ‘ಯೋಜಿತ ನಗರ’ ಎಂಬ ಮಾತಿನ ಹಿಂದಿನ ಕಾರಣವನ್ನು ಇದು ತೋರಿಸುತ್ತದೆ.

ಹೊದಿಕೆಗೆ ಗಾರೆ ಹಾಕದಿರುವುದೂ ಹೂಳಿನ ಗುಂಡಿಗಳೂ ಸೇರಿ ಹೇಳುವುದು ಇನ್ನೊಂದು ಸಂಗತಿ: ಚರಂಡಿ ಕಟ್ಟಿದವರಿಗೆ ಅದು ಕಟ್ಟಿಕೊಳ್ಳುತ್ತದೆ, ಮತ್ತೆಮತ್ತೆ ತೆರೆಯಬೇಕಾಗುತ್ತದೆ ಎಂದು ಮೊದಲೇ ಗೊತ್ತಿತ್ತು. ಕಟ್ಟುವುದು ಒಮ್ಮೆ ಆಗುವ ಕೆಲಸ, ನಿರ್ವಹಣೆ ದಿನವೂ ಬೇಡುವ ಕೆಲಸ. ಆಡಳಿತದ ಬಗ್ಗೆ ಮಾತಾಡಲು ಕಟ್ಟಿದ್ದಕ್ಕಿಂತ ನಿರ್ವಹಿಸಿದ್ದು ಉತ್ತಮ ಆಧಾರ.

ಇಲ್ಲಿ ತುಂಬ ಜನ ಬಳಸದ ಒಂದು ವಿವರವಿದೆ. ಮೊಹೆಂಜೊದಾರೊದಲ್ಲಿ ಅಗೆದ ಅರ್ನೆಸ್ಟ್ ಮೆಕೆ ಚರಂಡಿಗಳ ಪಕ್ಕದಲ್ಲೇ ಸಣ್ಣ ಸಣ್ಣ ಗುಡ್ಡೆಗಳನ್ನು ಕಂಡರು. ಗುಡ್ಡೆಯಲ್ಲಿದ್ದದ್ದು ಹೆಚ್ಚಾಗಿ ಮರಳು. ಚರಂಡಿಯಿಂದ ಎತ್ತಿ ಹಾಕಿದ ಹೂಳನ್ನು ಎಲ್ಲ ಸಲವೂ ಸಾಗಿಸುತ್ತಿರಲಿಲ್ಲ ಎಂದು ಅವರು ಅರ್ಥ ಮಾಡಿದರು. ನಮ್ಮ ಊರುಗಳಲ್ಲಿ ಮಳೆಗಾಲಕ್ಕೆ ಮುಂಚೆ ಎತ್ತಿ ರಸ್ತೆ ಬದಿಗೆ ಬಿಟ್ಟ ಹೂಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಒಂದು ಗುಡ್ಡೆ ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ: ಹೂಳು ತೆಗೆಯುವ ವ್ಯವಸ್ಥೆ ಇತ್ತು, ಆ ವ್ಯವಸ್ಥೆ ಪರಿಪೂರ್ಣವಾಗಿರಲಿಲ್ಲ. ವಿಮರ್ಶೆ ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಾಲ್ಕನೇ ಕಾಲಂಗೆ ಬನ್ನಿ. ಇದು ಎಲ್ಲ ಊರಿನ ಕತೆಯೇ? ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಮೊಹೆಂಜೊದಾರೊದಂಥ ಬೀದಿ ಚರಂಡಿಗಳ ಜಾಲ ಇಲ್ಲ. ಮನೆಯಿಂದ ಹೊರಬಿದ್ದ ನೀರು ಬೀದಿಯಲ್ಲಿ ಹೂತಿಟ್ಟ ಮಣ್ಣಿನ ಗುಡಾಣಗಳಿಗೆ ಇಳಿದು ಅಲ್ಲೇ ಇಂಗುತ್ತಿತ್ತು. ಮನೆಮನೆಗೆ ಇಂಗುಗುಡಾಣ ಇಟ್ಟುಕೊಳ್ಳಲು ಇಡೀ ಬೀದಿ ಒಂದೇ ಇಳಿಜಾರಿಗೆ ಒಪ್ಪಬೇಕಿಲ್ಲ. ಹಾಗಾಗಿ ಚರಂಡಿಯಿಂದ ಹೊರಡುವ ‘ಒಗ್ಗಟ್ಟಿನ ಆಡಳಿತ’ದ ಮಾತು ಮೊಹೆಂಜೊದಾರೊಗೆ ಎಷ್ಟು ಬಲವಾಗಿ ಒಪ್ಪುತ್ತದೋ ಕಾಲಿಬಂಗನ್‌ಗೆ ಅಷ್ಟು ಒಪ್ಪುವುದಿಲ್ಲ.

ಕಾಲವೂ ಮುಖ್ಯ. ಮೊಹೆಂಜೊದಾರೊದ ಕೊನೆಯ ಪದರಗಳಲ್ಲಿ ಮನೆಗಳನ್ನು ಒಡೆದು ಚಿಕ್ಕದು ಮಾಡಿಕೊಂಡಿದ್ದಾರೆ, ಬೀದಿಯ ಜಾಗದಲ್ಲಿ ಕುಂಬಾರನ ಆವಿಗೆ ಬಂದಿದೆ. ಅಚ್ಚುಕಟ್ಟು ಕ್ರಿ.ಪೂ. 2600ರಿಂದ 1900ರ ತನಕ ಒಂದೇ ಸಮ ನಡೆಯಲಿಲ್ಲ. ಇದು ಚರಂಡಿಯ ಊಹೆಗೆ ವಿರುದ್ಧವಲ್ಲ, ಅದಕ್ಕೆ ಬೆಂಬಲ: ಬೀದಿಗೆ ಅಡ್ಡ ಬರಬಾರದೆಂಬ ಕಟ್ಟಳೆ ಮುಂಚೆ ಇತ್ತು ಎಂಬುದು ಅದು ಮುರಿದಾಗಲೇ ಸ್ಪಷ್ಟ ಕಾಣುತ್ತದೆ.

ಇನ್ನು ಚರಂಡಿಯಿಂದ ಹೇಳಲೇಬಾರದ ಎರಡು ಮಾತುಗಳು. ‘ಪುರಸಭೆ ಇತ್ತು’ ಎಂಬುದು ಮೊದಲನೆಯದು. ನಿರ್ವಹಣೆ ನಡೆದಿತ್ತು ಎಂಬುದಕ್ಕೆ ಆಧಾರವಿದೆ. ಅದನ್ನು ನಡೆಸಿದವರು ಅಧಿಕಾರಿಗಳೋ, ಬೀದಿಯವರೇ ಸೇರಿದ ಗುಂಪೋ, ವರ್ತಕರ ಕೂಟವೋ ಎಂಬುದನ್ನು ಇಟ್ಟಿಗೆ ಹೇಳುವುದಿಲ್ಲ. ‘ಹರಪ್ಪನ್ನರು ಸ್ವಚ್ಛತಾಪ್ರಿಯರು’ ಎಂಬುದು ಎರಡನೆಯದು. ಇದು ಜನರ ಮನಸ್ಸಿನ ಬಗ್ಗೆ ಆಡಿದ ಮಾತು, ಚರಂಡಿ ಸಾಕ್ಷಿ ಹೇಳುವುದು ಅವರ ಕೆಲಸದ ಬಗ್ಗೆ ಮಾತ್ರ. ಪಕ್ಕದ ಮರಳಿನ ಗುಡ್ಡೆ ನೆನಪಿದ್ದರೆ ಈ ವಿಶೇಷಣ ತಾನಾಗಿಯೇ ಕೈಬಿಡುತ್ತದೆ.

ಬರೆದು ನೋಡಿ: ಚರಂಡಿಯ ಪ್ರಶ್ನೆಗೆ ಒಂದು ಉತ್ತರ

ಪ್ರಶ್ನೆ: ‘ಹರಪ್ಪ ನಗರಗಳ ಚರಂಡಿ ವ್ಯವಸ್ಥೆ ಬಲವಾದ ಕೇಂದ್ರಾಡಳಿತಕ್ಕೆ ಸಾಕ್ಷಿ.’ ವಿಮರ್ಶಿಸಿ.

ಉತ್ತರ ಹೀಗಿರಬಹುದು:

“ಮೊಹೆಂಜೊದಾರೊದ ಕೆಳಪಟ್ಟಣದಲ್ಲಿ ಮನೆಯ ಬಚ್ಚಲಿನ ನೀರು ಗೋಡೆಯ ಕಿಂಡಿ, ಹೂಳಿನ ಗುಂಡಿಗಳ ಮೂಲಕ ಬೀದಿಯ ಇಟ್ಟಿಗೆ ಚರಂಡಿಯನ್ನು ಸೇರುತ್ತಿತ್ತು. ಇದಕ್ಕೆ ಪ್ರತಿ ಮನೆಯ ಒಂದು ಗೋಡೆಯಾದರೂ ಬೀದಿಗೆ ತಾಗಿರಬೇಕಾದ್ದರಿಂದ ಬೀದಿ ಮತ್ತು ಚರಂಡಿಯನ್ನು ಮೊದಲು ನಿರ್ಧರಿಸಿ ಆಮೇಲೆ ಮನೆ ಕಟ್ಟಿದಂತೆ ಕಾಣುತ್ತದೆ. ಗಾರೆಯಿಲ್ಲದ ಹೊದಿಕೆ, ನಡುನಡುವಿನ ಗುಂಡಿಗಳು ನಿಯಮಿತ ನಿರ್ವಹಣೆಯನ್ನು ಸೂಚಿಸುತ್ತವೆ. ಒಬ್ಬೊಬ್ಬ ಮನೆಯವನ ಇಚ್ಛೆಯನ್ನು ಮೀರಿದ ಒಂದು ನಿಯಂತ್ರಣ ಈ ನಗರದಲ್ಲಿತ್ತು ಎನ್ನಲು ಇಷ್ಟು ಸಾಕು. ಆದರೆ ಇದನ್ನು ಇಡೀ ನಾಗರಿಕತೆಯ ‘ಕೇಂದ್ರಾಡಳಿತ’ ಎನ್ನಲು ಆಗದು. ಕಾಲಿಬಂಗನ್‌ನಲ್ಲಿ ಬೀದಿ ಚರಂಡಿಗಳ ಬದಲು ಹೂತಿಟ್ಟ ಗುಡಾಣಗಳಲ್ಲಿ ನೀರು ಇಂಗಿಸುತ್ತಿದ್ದರು. ಅಂದರೆ ಪದ್ಧತಿ ಊರಿಂದ ಊರಿಗೆ ಬೇರೆಯಾಗಿತ್ತು. ಮೊಹೆಂಜೊದಾರೊದಲ್ಲೇ ಎತ್ತಿದ ಹೂಳು ಚರಂಡಿಯ ಪಕ್ಕದಲ್ಲಿ ಉಳಿದಿರುವುದು, ಕೊನೆಯ ಪದರದಲ್ಲಿ ಬೀದಿಗೆ ಆವಿಗೆ ಬಂದಿರುವುದು ನಿಯಂತ್ರಣದ ಮಿತಿಯನ್ನೂ ಮುಂದೆ ಅದು ಸಡಿಲಾದದ್ದನ್ನೂ ತೋರಿಸುತ್ತವೆ. ಚರಂಡಿ ವ್ಯವಸ್ಥೆ ನಗರ ಮಟ್ಟದ ಸಂಘಟನೆಗೆ ಬಲವಾದ ಆಧಾರ. ಆ ಸಂಘಟನೆ ಒಬ್ಬ ಅರಸನದೋ ಹಲವರ ಕೂಟದ್ದೋ ಎಂದು ಹೇಳಲು ಅದು ಸಾಲದು.”

ಈ ಉತ್ತರ ಹೇಳಿಕೆಯನ್ನು ಪೂರ್ತಿ ಒಪ್ಪಿಲ್ಲ, ಪೂರ್ತಿ ತಳ್ಳಿಯೂ ಇಲ್ಲ. ‘ನಿಯಂತ್ರಣ’ ಎಂಬ ಅರ್ಧವನ್ನು ಒಪ್ಪಿ, ‘ಕೇಂದ್ರ’ ಎಂಬ ಅರ್ಧವನ್ನು ತಡೆಹಿಡಿದಿದೆ. ಯುಪಿಎಸ್‌ಸಿಯ 150 ಪದಗಳ ಪ್ರಶ್ನೆಗೆ ಇಷ್ಟು ಸಾಕು. 250 ಪದ ಬೇಕಾದರೆ ಹೊಸ ಊರುಗಳ ಪಟ್ಟಿ ಸೇರಿಸಬೇಡಿ, ಇಟ್ಟಿಗೆಯ ಅಳತೆಯಂಥ ಎರಡನೇ ಆಧಾರವೊಂದನ್ನು ಇದೇ ರೀತಿ ಬಿಡಿಸಿ.

ನಾಲ್ಕನೇ ಹೆಜ್ಜೆ: ಇಟ್ಟಿಗೆ ಮತ್ತು ದಿಬ್ಬವನ್ನು ದುಡಿಮೆಗೆ ಪರಿವರ್ತಿಸಿ

ಹರಪ್ಪ ಇಟ್ಟಿಗೆಯ ದಪ್ಪ, ಅಗಲ, ಉದ್ದಗಳ ಅನುಪಾತ 1:2:4. ಮನೆಗೆ ಬಳಸಿದ ಸುಟ್ಟ ಇಟ್ಟಿಗೆ ಸಾಮಾನ್ಯವಾಗಿ ಸುಮಾರು 7, 14, 28 ಸೆಂಟಿಮೀಟರ್. ಕೋಟೆ ಗೋಡೆಗೆ ಬಳಸಿದ ದೊಡ್ಡ ಹಸಿ ಇಟ್ಟಿಗೆ 10, 20, 40. ಅಳತೆ ಬೇರೆಯಾದರೂ ಅನುಪಾತ ಬದಲಾಗಿಲ್ಲ. ಈ ಅನುಪಾತದಿಂದ ಕೆಲಸಗಾರನಿಗೆ ಏನು ಲಾಭ ಎಂಬುದನ್ನು ಬರೆದರೆ ಉತ್ತರಕ್ಕೆ ತೂಕ ಬರುತ್ತದೆ: ಎರಡು ಇಟ್ಟಿಗೆಯ ಅಗಲ ಸೇರಿದರೆ ಒಂದರ ಉದ್ದ. ಆದ್ದರಿಂದ ಒಂದು ವರಸೆಯಲ್ಲಿ ಉದ್ದಕ್ಕೆ, ಮುಂದಿನದರಲ್ಲಿ ಅಡ್ಡಕ್ಕೆ ಇಟ್ಟು ಸಂದಿಗಳು ಒಂದರ ಮೇಲೊಂದು ಬಾರದಂತೆ ಗೋಡೆ ಎಬ್ಬಿಸಬಹುದು. ಹೀಗಿರುವಾಗ ಅನುಪಾತ ಒಂದೇ ಇರುವುದಕ್ಕೆ ಎರಡು ವಿವರಣೆ ಸಾಧ್ಯ. ಮೇಲಿನಿಂದ ಬಂದ ಆಜ್ಞೆ ಇರಬಹುದು, ಅಥವಾ ಗಾರೆ ಕೆಲಸದವರು ಒಬ್ಬರಿಂದೊಬ್ಬರು ಕಲಿತು ಉಳಿಸಿಕೊಂಡ ಕಸುಬಿನ ರೂಢಿ ಇರಬಹುದು. ಎರಡನ್ನೂ ಹೇಳಿ.

ಎತ್ತರಿಸಿದ ದಿಬ್ಬಗಳದು ಬೇರೆ ಲೆಕ್ಕ. ಮೊಹೆಂಜೊದಾರೊದ ಹಲವು ಕಟ್ಟಡಗಳು ಮಣ್ಣು ತುಂಬಿ ಎಬ್ಬಿಸಿದ ವೇದಿಕೆಗಳ ಮೇಲಿವೆ. ಒಬ್ಬ ಆಳು ದಿನಕ್ಕೆ ಸುಮಾರು ಒಂದು ಘನ ಮೀಟರ್ ಮಣ್ಣು ಸಾಗಿಸಿದ ಎಂದಿಟ್ಟುಕೊಂಡರೆ ಈ ತಳಹದಿಗಳಿಗೇ 40 ಲಕ್ಷ ಆಳುದಿನ ಬೇಕಾಗಿತ್ತು ಎಂಬ ಅಂದಾಜು ಎನ್‌ಸಿಇಆರ್‌ಟಿ ಪಠ್ಯದಲ್ಲೂ ಇದೆ. ಹೆಚ್ಚಿನವರು ಈ ಸಂಖ್ಯೆ ಬರೆದು ಮುಂದೆ ಹೋಗುತ್ತಾರೆ. ಅದನ್ನು ಭಾಗಿಸಿ ನೋಡಿ: 10,000 ಜನ ದಿನವೂ ದುಡಿದರೆ 400 ದಿನ. 1,000 ಜನರಾದರೆ 4,000 ದಿನ, ಸುಮಾರು 11 ವರ್ಷ. ವರ್ಷಕ್ಕೆ ಬೇಸಾಯ ಬಿಡುವಿರುವ 100 ದಿನ ಮಾತ್ರ ದುಡಿದರೆ ಅದೇ 1,000 ಜನಕ್ಕೆ 40 ವರ್ಷ. ಮೊದಲ ಲೆಕ್ಕ ಹಿಡಿದರೆ ಭಾರಿ ಜನಬಲವನ್ನು ಒಮ್ಮೆಗೇ ಕೂಡಿಹಾಕಿ ಊಟ ಹಾಕಬಲ್ಲ ಶಕ್ತಿ ಬೇಕು. ಕೊನೆಯದನ್ನು ಹಿಡಿದರೆ ಒಂದೆರಡು ತಲೆಮಾರು ಬಿಡದೆ ಮುಂದುವರಿಸಿದ ಸಾಮೂಹಿಕ ಕೆಲಸವಾದರೂ ಸಾಕು. ದುಡಿಮೆಯ ಸಂಘಟನೆ ಇತ್ತು ಎಂಬ ಮಾತು ಎರಡರಲ್ಲೂ ನಿಲ್ಲುತ್ತದೆ, ‘ಬಲಾಢ್ಯ ಅರಸ’ ಮಾತ್ರ ಒಂದರಲ್ಲಷ್ಟೇ.

ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಚದುರಂಗದ ಹಾಸಿನಂತೆ’ ಎಂಬ ಹಳೆಯ ಮಾತನ್ನು ಬಿಟ್ಟುಬಿಡಿ. ಮುಖ್ಯ ಬೀದಿಗಳು ಹೆಚ್ಚುಕಡಿಮೆ ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ದಿಕ್ಕಿಗಿವೆ, ಒಳಗಿನ ಓಣಿಗಳು ಎಲ್ಲೆಂದರಲ್ಲಿ ತಿರುಗುತ್ತವೆ. ಗಟ್ಟಿ ಆಧಾರ ಬೇಕಾದರೆ ಕಾಲಿಬಂಗನ್‌ನ ಬೀದಿಗಳ ಅಗಲ ಕೊಡಿ: 1.8, 3.6, 5.4, 7.2 ಮೀಟರ್. ಎಲ್ಲವೂ 1.8ರ ಮಡಿಗಳು. ಬೀದಿ ಬಿಡುವಾಗ ಅಳತೆಗೋಲು ಹಿಡಿದಿದ್ದರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಚರಂಡಿಯಲ್ಲಿ ಸಡಿಲವಾಗಿ ಕಂಡ ಅದೇ ಕಾಲಿಬಂಗನ್ ಬೀದಿಯಲ್ಲಿ ಬಿಗಿಯಾಗಿದೆ ಎಂಬುದನ್ನೂ ಗಮನಿಸಿ. ಒಂದು ಊರನ್ನು ‘ಮುಂದುವರಿದದ್ದು’, ‘ಹಿಂದುಳಿದದ್ದು’ ಎಂದು ಒಂದೇ ಆಧಾರದಿಂದ ತೂಗಬಾರದು.

ಐದನೇ ಹೆಜ್ಜೆ: ವ್ಯಾಪಾರಕ್ಕೆ ಮೂರು ಪ್ರಶ್ನೆ

ವಸ್ತುವೊಂದು ದೂರದಿಂದ ಬಂದಿದೆ ಎಂದಾಕ್ಷಣ ‘ವ್ಯಾಪಾರ’ ಎಂದು ಬರೆಯುವುದು ಅವಸರ. ಅದು ಕಾಣಿಕೆಯಾಗಿ, ಕೊಳ್ಳೆಯಾಗಿ, ವಲಸೆ ಬಂದವರ ಗಂಟಿನಲ್ಲಿ ಕೂಡ ಬಂದಿರಬಹುದು. ವ್ಯಾಪಾರ ಎನ್ನಬೇಕಾದರೆ ಮೂರು ಕೇಳಿ: ಕಚ್ಚಾವಸ್ತು ಎಲ್ಲಿಯದು, ಎಲ್ಲಿ ತಯಾರಾಯಿತು, ಸರಕಿನ ಓಡಾಟವನ್ನು ಅಳೆದ ಅಥವಾ ಗುರುತು ಹಾಕಿದ ಕುರುಹು ಇದೆಯೇ.

ಮೊದಲನೆಯದಕ್ಕೆ ಬದಕ್‌ಶಾನ್‌ನ ನೀಲಿ ಲಾಜವರ್ದ ಕಲ್ಲು ಒಳ್ಳೆಯ ಉದಾಹರಣೆ. ಅದು ಸಿಗುವ ಅಫ್ಘಾನಿಸ್ತಾನದ ಕಡೆಯಲ್ಲೇ, ಸಿಂಧೂ ಬಯಲಿನಿಂದ ಬಹು ದೂರದ ಶೋರ್ತುಘಾಯ್‌ನಲ್ಲಿ, ಹರಪ್ಪನ್ನರದೇ ನೆಲೆಯೊಂದು ಸಿಕ್ಕಿದೆ. ಕಲ್ಲು ಕೈಯಿಂದ ಕೈಗೆ ದಾಟಿ ಬಂತು ಎನ್ನುವುದಕ್ಕಿಂತ ಅವರೇ ಅಲ್ಲಿಗೆ ಹೋಗಿ ಕೂತಿದ್ದರು ಎಂಬ ಊಹೆಗೆ ಇದು ಬಲ ಕೊಡುತ್ತದೆ. ಇದಕ್ಕೆ ಹೋಲಿಸಿದರೆ ಕೋಲಾರದ ಚಿನ್ನದ ಮಾತು ದುರ್ಬಲ. ಹರಪ್ಪದ ಚಿನ್ನ ಕರ್ನಾಟಕದಿಂದ ಹೋಗಿರಬಹುದು ಎಂದು ಹಿಂದಿನಿಂದಲೂ ಸೂಚಿಸಲಾಗಿದೆ. ಆದರೆ ಕೋಲಾರದ ಬಳಿ ಶೋರ್ತುಘಾಯ್‌ನಂಥ ಹರಪ್ಪ ನೆಲೆಯೇನೂ ಸಿಕ್ಕಿಲ್ಲ, ಚಿನ್ನ ನದಿಗಳ ಮರಳಿನಲ್ಲೂ ಸಿಗುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಈ ಉದಾಹರಣೆಯ ಮೇಲೆ ಅಕ್ಕರೆ ಸಹಜ, ಬಳಸಿದರೆ ‘ಸಾಧ್ಯತೆ’ ಎಂಬ ಪದದ ಜೊತೆಗೇ ಬಳಸಿ.

ಎರಡನೆಯದಕ್ಕೆ ಚಾನ್ಹುದಾರೊ. ಏಳು ಹೆಕ್ಟೇರಿಗೂ ಕಡಿಮೆ ಇರುವ ಈ ಪುಟ್ಟ ಊರಿನಲ್ಲಿ ಮಣಿ, ಶಂಖದ ವಸ್ತು, ಮುದ್ರೆ, ತೂಕದ ಕಲ್ಲುಗಳ ಕೆಲಸ ನಡೆಯುತ್ತಿತ್ತು. ಇದು ಗೊತ್ತಾದದ್ದು ಮುಗಿದ ಮಣಿಗಳಿಂದಲ್ಲ. ಮುಗಿದ ಮಣಿ ಎಲ್ಲಿ ಬೇಕಾದರೂ ಹೋಗುತ್ತದೆ. ಕಚ್ಚಾ ಕಲ್ಲಿನ ಉಂಡೆ, ಅರ್ಧ ತಿದ್ದಿದ ಮಣಿ, ತೂತು ಕೊರೆಯುವಾಗ ಒಡೆದದ್ದು, ಕೊರೆಯುವ ಕಲ್ಲಿನ ಮೊನೆ, ಚೂರು — ಇವನ್ನು ಯಾರೂ ಊರಿಂದ ಊರಿಗೆ ಹೊರುವುದಿಲ್ಲ. ತಯಾರಿಕೆಯ ಜಾಗಕ್ಕೆ ಅತ್ಯುತ್ತಮ ಸಾಕ್ಷಿ ಕಸ ಎಂಬುದನ್ನು ಉತ್ತರದಲ್ಲಿ ಬಿಡಿಸಿ ಬರೆಯಿರಿ.

ಮೂರನೆಯದಕ್ಕೆ ತೂಕದ ಕಲ್ಲು ಮತ್ತು ಮುದ್ರೆಯ ಅಚ್ಚು. ತೂಕದ ಕಲ್ಲುಗಳು ಹೆಚ್ಚಾಗಿ ಚರ್ಟ್ ಶಿಲೆಯ ಘನಗಳು, ಮೇಲೆ ಬರಹವಿಲ್ಲ. ಸಣ್ಣ ತೂಕಗಳು 1, 2, 4, 8, 16, 32 ಎಂದು ಇಮ್ಮಡಿಸುತ್ತ ಹೋಗುತ್ತವೆ, ದೊಡ್ಡವು ದಶಮಾನದಲ್ಲಿವೆ. ದೂರದೂರದ ಊರುಗಳಲ್ಲಿ ಒಂದೇ ತೂಕದ ಕಲ್ಲು ಸಿಗುವುದರಿಂದ ಕೊಡುವವನೂ ಕೊಳ್ಳುವವನೂ ಒಂದೇ ಮಾನ ಒಪ್ಪಿದ್ದರು ಎನ್ನಬಹುದು. ಅದು ಅಂಗಡಿಯ ತಕ್ಕಡಿಗೋ, ಸುಂಕ ವಸೂಲಿಗೋ ಎಂಬುದು ಮುಂದಿನ ಪ್ರಶ್ನೆ.

ಮುದ್ರೆಗಿಂತ ಅದರ ಅಚ್ಚು ಹೆಚ್ಚು ಮಾತಾಡುತ್ತದೆ. ಗುಜರಾತಿನ ಲೋಥಾಲ್‌ನಲ್ಲಿ ಉಗ್ರಾಣ ಎಂದು ಕರೆದ ಕಟ್ಟಡದಲ್ಲಿ ಅರವತ್ತಕ್ಕೂ ಹೆಚ್ಚು ಮಣ್ಣಿನ ಅಚ್ಚುಗಳು ಸಿಕ್ಕವು. ಬೆಂಕಿ ಬಿದ್ದು ಸುಟ್ಟದ್ದರಿಂದಲೇ ಅವು ಉಳಿದವು. ಅಚ್ಚಿನ ಮುಂಭಾಗದಲ್ಲಿ ಮುದ್ರೆಯ ಗುರುತು, ಹಿಂಭಾಗದಲ್ಲಿ ಹಗ್ಗ, ಬಟ್ಟೆ, ಜೊಂಡಿನ ಚಾಪೆಯ ಗುರುತು. ಅಂದರೆ ಕಟ್ಟಿದ ಸರಕಿನ ಗಂಟಿಗೆ ಹಸಿಮಣ್ಣು ಮೆತ್ತಿ ಮೇಲೆ ಮುದ್ರೆ ಒತ್ತಿದ್ದರು. ಗಂಟು ಬಿಚ್ಚಿದರೆ ಮಣ್ಣು ಒಡೆಯುತ್ತದೆ, ನಡುದಾರಿಯಲ್ಲಿ ಕೈ ಹಾಕಿದ್ದು ಗೊತ್ತಾಗುತ್ತದೆ. ಸರಕಿಗೆ ಒಡೆಯನೊಬ್ಬ ಇದ್ದ, ಅವನು ಎದುರಿಗಿಲ್ಲದಾಗಲೂ ಅವನ ಗುರುತಿಗೆ ಬೆಲೆ ಇತ್ತು ಎಂಬುದನ್ನು ಇದರಿಂದ ಹೇಳಬಹುದು. ಆ ಗಂಟು ಸಮುದ್ರ ದಾಟಿತೇ ಎಂಬುದನ್ನು ಇದು ಹೇಳುವುದಿಲ್ಲ.

ಸಮುದ್ರ ದಾಟಿದ್ದಕ್ಕೆ ಆಧಾರ ಬೇರೆ ಕಡೆ ಇದೆ. ಮೆಸೊಪೊಟೇಮಿಯಾದ ಊರ್ ನಗರದ ಸಮಾಧಿಗಳಲ್ಲಿ ಹರಪ್ಪ ಮಾದರಿಯ ಕೆಂಪು ಕಾರ್ನೀಲಿಯನ್ ಮಣಿಗಳು ಸಿಕ್ಕಿವೆ. ಅಕ್ಕಾಡದ ಅರಸ ಸಾರ್ಗೊನ್‌ನ ಶಾಸನ ದಿಲ್ಮುನ್, ಮಗನ್, ಮೆಲುಹಾ ನಾಡುಗಳ ಹಡಗುಗಳು ತನ್ನ ರಾಜಧಾನಿಯ ಕಟ್ಟೆಗೆ ಬಂದು ನಿಲ್ಲುತ್ತಿದ್ದವು ಎನ್ನುತ್ತದೆ. ಮೆಲುಹಾ ಎಂದರೆ ಸಿಂಧೂ ಪ್ರದೇಶ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಅದೂ ಊಹೆಯೇ, ಆದರೆ ಆ ಬರಹಗಳು ಮೆಲುಹಾದಿಂದ ಬಂತೆನ್ನುವ ಸರಕುಗಳೂ ಅಗೆತದಲ್ಲಿ ಸಿಕ್ಕ ಸರಕುಗಳೂ ಹೊಂದುವುದರಿಂದ ಗಟ್ಟಿಯಾದ ಊಹೆ. ಇಲ್ಲಿ ಒಂದು ಅಸಮತೆ ಇದೆ: ಹರಪ್ಪದ ವಸ್ತು ಅಲ್ಲಿ ಸಿಕ್ಕಷ್ಟು ಅಲ್ಲಿಯ ವಸ್ತು ಇಲ್ಲಿ ಸಿಕ್ಕಿಲ್ಲ. ಹಾಗೆಂದು ವ್ಯಾಪಾರ ಒಮ್ಮುಖವಾಗಿತ್ತು ಎನ್ನಬೇಡಿ. ಉಣ್ಣೆ, ಬಟ್ಟೆ, ಎಣ್ಣೆಯಂಥ ಸರಕು ಬಂದಿದ್ದರೆ ಮಣ್ಣಿನಲ್ಲಿ ಉಳಿಯುತ್ತಿರಲಿಲ್ಲ.

ವಾದವಿರುವ ಕಡೆ ಎರಡೂ ಪಕ್ಷ ಇಡುವುದು: ಲೋಥಾಲ್

ಲೋಥಾಲ್ ಅಗೆದವರು ಕನ್ನಡಿಗರೇ ಆದ ಎಸ್.ಆರ್. ರಾವ್. ಊರಿನ ಪೂರ್ವಕ್ಕೆ ಸುಮಾರು 219 ಮೀಟರ್ ಉದ್ದ, 37 ಮೀಟರ್ ಅಗಲದ, ಸುಟ್ಟ ಇಟ್ಟಿಗೆಯ ಗೋಡೆಗಳ ಆಯತವನ್ನು ಅವರು ಹಡಗುಕಟ್ಟೆ ಎಂದರು. ನೀರು ಒಳಬರುವ ದಾರಿ, ಹೆಚ್ಚಾದ ನೀರು ಹೋಗುವ ಕೋಡಿ, ತೂತಿರುವ ಲಂಗರು ಕಲ್ಲುಗಳು, ಪಕ್ಕದಲ್ಲೇ ಇರುವ ಉಗ್ರಾಣ ಅವರ ಆಧಾರಗಳು. 1968ರಲ್ಲಿ ಲಾರೆನ್ಸ್ ಲೆಶ್ನಿಕ್ ಇದು ಸಿಹಿನೀರಿನ ಕೆರೆ ಇರಬಹುದೆಂದು ವಾದಿಸಿದರು. ಮುಂದೆ ಅಲ್ಲಿಯ ಕೆಸರಿನಲ್ಲಿ ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪು ಸಿಕ್ಕಿದ್ದು ಹಡಗುಕಟ್ಟೆಯ ವಾದಕ್ಕೆ ಬಲ ಕೊಟ್ಟಿತು. ಉತ್ತರದಲ್ಲಿ ಈ ಮೂರೂ ಮೂರೇ ವಾಕ್ಯದಲ್ಲಿ ಬರಲಿ, ನಾಲ್ಕನೆಯದರಲ್ಲಿ ನಿಮ್ಮ ನಿಲುವು. ಹಡಗುಕಟ್ಟೆಯ ವಾದ ಬಿದ್ದುಹೋದರೂ ಮುದ್ರೆಯ ಅಚ್ಚುಗಳಿಂದ ಬಂದ ಊಹೆ ನಿಲ್ಲುತ್ತದೆ ಎಂದು ಹೇಳಲು ಮರೆಯಬೇಡಿ. ಒಂದು ಆಧಾರ ಅಲುಗಿದರೆ ಯಾವುದು ಬೀಳುತ್ತದೆ, ಯಾವುದು ಉಳಿಯುತ್ತದೆ ಎಂದು ಬಲ್ಲವನ ಉತ್ತರ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ.

ಉತ್ತರ ಹಾಳಾಗುವ ಕಡೆಗಳು

ಕಟ್ಟಡದ ಹೆಸರನ್ನೇ ಆಧಾರವಾಗಿ ಬಳಸುವುದು ಎಲ್ಲಕ್ಕಿಂತ ಸಾಮಾನ್ಯ. ಮೊಹೆಂಜೊದಾರೊದ ‘ಮಹಾ ಕಣಜ’ಕ್ಕೆ ಆ ಹೆಸರಿಟ್ಟವರು ಮಾರ್ಟಿಮರ್ ವೀಲರ್. ಅಲ್ಲಿ ಧಾನ್ಯ ಸಿಕ್ಕಿಲ್ಲ. ‘ಕಣಜವಿದ್ದುದರಿಂದ ಧಾನ್ಯದ ರೂಪದಲ್ಲಿ ತೆರಿಗೆ ಇತ್ತು’ ಎಂದು ಬರೆದರೆ ಊಹೆಯ ಮೇಲೆ ಊಹೆ ಪೇರಿಸಿದಂತೆ. ಮಹಾ ಸ್ನಾನಗೃಹದಲ್ಲಿ ಮಾತ್ರ ಹೆಸರಿಗೆ ತಕ್ಕ ಆಧಾರವಿದೆ: ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ, ಎರಡು ಕಡೆ ಮೆಟ್ಟಿಲು, ಜಿಪ್ಸಮ್ ಗಾರೆ, ನೀರು ಸೋರದಂತೆ ಡಾಂಬರಿನ ಪದರ, ನೀರು ಬಿಡುವ ಚರಂಡಿ. ನೀರು ತುಂಬಲೆಂದೇ ಕಟ್ಟಿದ್ದು ಎಂಬುದರಲ್ಲಿ ಅನುಮಾನವಿಲ್ಲ, ಧಾರ್ಮಿಕ ಸ್ನಾನ ಎಂಬುದು ಊಹೆ.

ಪದರ ಮರೆಯುವುದು ಇನ್ನೊಂದು. ಮೊಹೆಂಜೊದಾರೊದಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ನೋಡಿ ಆರ್ಯರ ದಾಳಿಯೇ ಪತನಕ್ಕೆ ಕಾರಣ ಎಂದು ವೀಲರ್ ಬರೆದರು. 1964ರಲ್ಲಿ ಜಾರ್ಜ್ ಡೇಲ್ಸ್ ಆ ಅಸ್ಥಿಗಳು ಒಂದೇ ಕಾಲದವಲ್ಲ ಎಂದು ತೋರಿಸಿದರು. ಒಂದೇ ದಿನ ಸತ್ತವರಲ್ಲದ ಮೇಲೆ ಹತ್ಯಾಕಾಂಡ ಎಲ್ಲಿಯದು? ಆದರೂ ಈ ದಾಳಿ ಇಂದಿಗೂ ಉತ್ತರಪತ್ರಿಕೆಗಳಲ್ಲಿ ನಡೆಯುತ್ತಲೇ ಇದೆ.

ಕಾಣದ್ದನ್ನು ಇರಲಿಲ್ಲ ಎನ್ನುವುದೂ ತಪ್ಪೇ. ಹರಪ್ಪ ಪಟ್ಟಣದ ನಕ್ಷೆ ಮೊಹೆಂಜೊದಾರೊದಷ್ಟು ಸ್ಪಷ್ಟವಾಗಿಲ್ಲ. ಅದಕ್ಕೆ ಕಾರಣ ಯೋಜನೆಯ ಕೊರತೆಯಲ್ಲ. 19ನೇ ಶತಮಾನದಲ್ಲಿ ಲಾಹೋರ್–ಮುಲ್ತಾನ್ ರೈಲು ಹಾದಿಗೆ ಅಲ್ಲಿನ ಇಟ್ಟಿಗೆಯನ್ನು ಗಾಡಿಗಟ್ಟಲೆ ಕಿತ್ತು ಒಯ್ದರು. ಸುಮಾರು 100 ಮೈಲಿ ಹಾದಿಗೆ ಸಾಕಾಗುವಷ್ಟು ಇಟ್ಟಿಗೆ ಹೋಗಿದೆ ಎಂದು ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮ್ ಬರೆದಿದ್ದಾರೆ.

ನಕ್ಷೆ ಪ್ರಶ್ನೆಗೆ 30 ಪದ

ಯುಪಿಎಸ್‌ಸಿ ಇತಿಹಾಸ ಐಚ್ಛಿಕದಲ್ಲಿ ಗುರುತಿಸಿದ ಪ್ರತಿ ಸ್ಥಳಕ್ಕೂ ಸುಮಾರು 30 ಪದಗಳ ಟಿಪ್ಪಣಿ ಬೇಕು. ಅಲ್ಲಿಯೂ ಇದೇ ಕ್ರಮ ಇಕ್ಕಟ್ಟಿನ ರೂಪದಲ್ಲಿ ನಡೆಯುತ್ತದೆ: ಎಲ್ಲಿ, ಏನು ಸಿಕ್ಕಿತು, ಅದರಿಂದ ಏನು, ಎಲ್ಲಿಗೆ ನಿಲ್ಲಬೇಕು. ಎರಡು ಮಾದರಿ:

ಲೋಥಾಲ್ — ಗುಜರಾತ್. ಎಸ್.ಆರ್. ರಾವ್ ಉತ್ಖನನ. ಉಗ್ರಾಣದಲ್ಲಿ ಹಗ್ಗ, ಚಾಪೆಯ ಗುರುತಿರುವ ಮುದ್ರೆಯ ಅಚ್ಚುಗಳು ಸಿಕ್ಕಿದ್ದರಿಂದ ಮುದ್ರೆ ಒತ್ತಿದ ಸರಕಿನ ಸಾಗಣೆ ಖಚಿತ. ಇಟ್ಟಿಗೆಯ ಜಲಕಟ್ಟೆ ಹಡಗುಕಟ್ಟೆಯೋ ಕೆರೆಯೋ ಎಂಬ ವಾದವಿದೆ.

ಚಾನ್ಹುದಾರೊ — ಸಿಂಧ್. ಏಳು ಹೆಕ್ಟೇರಿಗೂ ಕಡಿಮೆ ವಿಸ್ತಾರ. ಅರ್ಧ ಕೊರೆದ ಮಣಿ, ಶಂಖದ ಚೂರು, ಕೊರೆಯುವ ಮೊನೆಗಳ ರಾಶಿಯಿಂದ ಇದು ಕುಶಲಕರ್ಮಿಗಳ ಊರೆಂದು ತಿಳಿಯುತ್ತದೆ. ಸರಕು ದೊಡ್ಡ ನಗರಗಳಿಗೆ ಹೋಗುತ್ತಿದ್ದಿರಬೇಕು ಎಂಬುದು ಊಹೆ.